ಮಾರ್ಚ್ 31ರ ನಂತರ ಸೂಚಿಸಿದ ಲಾಭಾಂಶ: ಅಢಾವೆ ಪತ್ರಿಕೆಯಲ್ಲೇಕಿಲ್ಲ, ಟಿಪ್ಪಣಿಯಲ್ಲೇಕಿದೆ?

ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ನಗದು ಹರಿವಿನ ತಃಖ್ತೆ ಶುರುವಾದ ವಾರದಲ್ಲಿ ಪ್ರತಿ ವರ್ಷವೂ ಒಂದು ಪ್ರಶ್ನೆ ನನ್ನ ಮುಂದೆ ಬರುತ್ತದೆ. "ಸರ್, ಎರಡು ವರ್ಷದ ಪ್ರಸ್ತಾವಿತ ಲಾಭಾಂಶ ಕೊಟ್ಟಿದ್ದಾರೆ. ಯಾವುದನ್ನು ಕೂಡಿಸಬೇಕು, ಯಾವುದನ್ನು ಬಿಡಬೇಕು?" ಉತ್ತರವನ್ನು ಒಂದು ಸಾಲಿನಲ್ಲಿ ಹೇಳಿಬಿಡಬಹುದು: ಹಿಂದಿನ ವರ್ಷದ್ದನ್ನು ತೆಗೆದುಕೊಳ್ಳಿ, ಈ ವರ್ಷದ್ದನ್ನು ಬಿಡಿ. ಆದರೆ ಕಾರಣ ಗೊತ್ತಿಲ್ಲದೆ ಬಾಯಿಪಾಠ ಮಾಡಿದವರು ಹಳೆಯ ಗೈಡ್ ಒಂದನ್ನು ತೆರೆದ ಕೂಡಲೇ ಗೊಂದಲಕ್ಕೆ ಬೀಳುತ್ತಾರೆ. ಅಲ್ಲಿ ಇದಕ್ಕೆ ಸರಿಯಾಗಿ ವಿರುದ್ಧವಾದ ಕ್ರಮ ಇರುತ್ತದೆ, ಮತ್ತು ಆ ಗೈಡ್ ಬರೆದವರೂ ತಪ್ಪು ಮಾಡಿರುವುದಿಲ್ಲ. ಇದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನಿಧಾನವಾಗಿ ನೋಡೋಣ.

ಲಾಭಾಂಶ ಯಾವಾಗ ಸಾಲವಾಗುತ್ತದೆ?

ಒಂದು ಕಂಪನಿಯ ಲೆಕ್ಕವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆ ದಿನ ರಾತ್ರಿ ಯಾರೂ ಕುಳಿತು ಲಾಭಾಂಶ ತೀರ್ಮಾನಿಸುವುದಿಲ್ಲ. ಮೊದಲು ಲೆಕ್ಕ ಮುಗಿಯಬೇಕು, ಲಾಭ ಎಷ್ಟೆಂದು ತಿಳಿಯಬೇಕು. ಅದಕ್ಕೆ ಏಪ್ರಿಲ್ ಅಥವಾ ಮೇ ಬರುತ್ತದೆ. ಆಗ ನಿರ್ದೇಶಕ ಮಂಡಳಿ ಸಭೆ ಸೇರಿ, ಲೆಕ್ಕಪತ್ರಗಳಿಗೆ ಒಪ್ಪಿಗೆ ಕೊಟ್ಟು, ಷೇರೊಂದಕ್ಕೆ ಇಷ್ಟು ರೂಪಾಯಿ ಲಾಭಾಂಶ ಕೊಡಬಹುದು ಎಂದು ಶಿಫಾರಸು ಮಾಡುತ್ತದೆ. ಇದೇ ಪ್ರಸ್ತಾವಿತ ಲಾಭಾಂಶ. ಶಿಫಾರಸು ಎಂಬ ಪದವನ್ನು ಗಮನಿಸಿ. ಅಂತಿಮ ಲಾಭಾಂಶವನ್ನು ಘೋಷಿಸುವ ಅಧಿಕಾರ ಮಂಡಳಿಗಿಲ್ಲ. ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಷೇರುದಾರರು ಒಪ್ಪಿದಾಗ ಮಾತ್ರ ಅದು ಘೋಷಿತ ಲಾಭಾಂಶವಾಗುತ್ತದೆ. ಈ ಸಭೆ ಲೆಕ್ಕವರ್ಷ ಮುಗಿದ ಆರು ತಿಂಗಳೊಳಗೆ, ಅಂದರೆ ಸಾಮಾನ್ಯವಾಗಿ ಸೆಪ್ಟೆಂಬರ್ 30ರೊಳಗೆ, ನಡೆಯಬೇಕು.

ನಮ್ಮ ಊರುಗಳ ಸಹಕಾರ ಸಂಘಗಳನ್ನು ನೆನೆಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ. ಆಡಳಿತ ಮಂಡಳಿ ಇಷ್ಟು ಶೇಕಡ ಲಾಭಾಂಶ ಎಂದು ಮಹಾಸಭೆಯ ಮುಂದಿಡುತ್ತದೆ, ಸದಸ್ಯರು ಕೈಯೆತ್ತಿ ಒಪ್ಪುತ್ತಾರೆ. ಒಪ್ಪುವ ಮೊದಲೇ ಸದಸ್ಯನೊಬ್ಬ ಕೌಂಟರಿಗೆ ಹೋಗಿ "ನನ್ನ ಲಾಭಾಂಶ ಕೊಡಿ" ಎಂದರೆ ಗುಮಾಸ್ತರು ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ.

ಕಂಪನಿಯ ವಿಷಯದಲ್ಲೂ ಅಷ್ಟೇ. ಕಂಪನಿಗಳ ಕಾಯ್ದೆಯೊಂದಿಗೆ ಬರುವ ಮಾದರಿ ನಿಯಮಾವಳಿಯ ಪ್ರಕಾರ ಸಾಮಾನ್ಯ ಸಭೆ ಮಂಡಳಿ ಹೇಳಿದ್ದಕ್ಕಿಂತ ಹೆಚ್ಚು ಲಾಭಾಂಶ ಘೋಷಿಸುವಂತಿಲ್ಲ, ಆದರೆ ಕಡಿಮೆ ಮಾಡಬಹುದು. ಅಂದರೆ ಮಂಡಳಿ ಹೇಳಿದ ಮೊತ್ತ ಸಭೆಯ ದಿನದವರೆಗೂ ಪಕ್ಕಾ ಅಲ್ಲ. ಸಭೆ ಘೋಷಿಸಿದ ಮೇಲೆ ಚಿತ್ರವೇ ಬೇರೆ. ಐದು ದಿನಗಳೊಳಗೆ ಆ ಮೊತ್ತವನ್ನು ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಬೇಕು, ಮೂವತ್ತು ದಿನಗಳೊಳಗೆ ಷೇರುದಾರರಿಗೆ ಪಾವತಿಸಬೇಕು. ಅಲ್ಲಿಂದ ಅದು ನಿಜವಾದ ಸಾಲ.

ಈಗ ಮಾರ್ಚ್ 31ಕ್ಕೆ ಹಿಂತಿರುಗಿ ನೋಡಿ. ಅಢಾವೆ ಪತ್ರಿಕೆ ಆ ಒಂದು ದಿನದ ಚಿತ್ರ. ಆ ದಿನ ಸಭೆ ನಡೆದಿಲ್ಲ, ಮಂಡಳಿಯ ಶಿಫಾರಸು ಕೂಡ ಬಂದಿಲ್ಲ. ಹಾಗಾದರೆ ಆ ದಿನ ಕಂಪನಿ ಷೇರುದಾರರಿಗೆ ಕೊಡಬೇಕಾದದ್ದು ಏನೂ ಇರಲಿಲ್ಲ. ಇಲ್ಲದ ಸಾಲವನ್ನು ಹೊಣೆಗಾರಿಕೆಗಳ ಕೆಳಗೆ ಬರೆಯುವುದು ಸರಿಯಲ್ಲ. ಆದರೆ ಲೆಕ್ಕಪತ್ರ ಓದುವ ಷೇರುದಾರನಿಗೆ, ಬ್ಯಾಂಕಿನವರಿಗೆ ಮುಂದೆ ಇಷ್ಟು ಹಣ ಹೊರಹೋಗಲಿದೆ ಎಂಬುದು ತಿಳಿಯಬೇಕು. ಆದ್ದರಿಂದ ಮೊತ್ತ ಟಿಪ್ಪಣಿಗೆ ಹೋಗುತ್ತದೆ. ಒಟ್ಟು ಎಷ್ಟು, ಷೇರೊಂದಕ್ಕೆ ಎಷ್ಟು ಎಂದು ಎರಡನ್ನೂ ತಿಳಿಸಬೇಕೆಂದು ಕಾಯ್ದೆಯ ಮೂರನೇ ಅನುಸೂಚಿ ಹೇಳುತ್ತದೆ.

ಅಢಾವೆ ದಿನಾಂಕದ ನಂತರದ ಘಟನೆಗಳೆಲ್ಲ ಟಿಪ್ಪಣಿಗೇ ಹೋಗುತ್ತವೆ ಎಂದು ತಿಳಿಯಬೇಡಿ. ಏಪ್ರಿಲ್‌ನಲ್ಲಿ ನಮ್ಮ ಗ್ರಾಹಕನೊಬ್ಬ ದಿವಾಳಿಯಾದ ಎನ್ನಿ. ಅವನ ಬಾಕಿ ಮಾರ್ಚ್ 31ಕ್ಕೇ ಇತ್ತು, ಅವನ ಸ್ಥಿತಿಯೂ ಆಗಲೇ ಕೆಟ್ಟಿತ್ತು. ಏಪ್ರಿಲ್‌ನ ಸುದ್ದಿ ಆಗಲೇ ಇದ್ದ ಸಂಗತಿಯನ್ನು ಹೊರಗೆಡವಿತು, ಅಷ್ಟೇ. ಅದಕ್ಕೆ ಮಾರ್ಚ್ 31ರ ಅಂಕಿಯನ್ನೇ ತಿದ್ದಬೇಕು. ಲಾಭಾಂಶದ ಶಿಫಾರಸು ಹಾಗಲ್ಲ, ಅದು ಏಪ್ರಿಲ್‌ನಲ್ಲಿ ಹೊಸದಾಗಿ ಹುಟ್ಟಿದ ತೀರ್ಮಾನ. ಮಾರ್ಚ್ 31ರ ಸ್ಥಿತಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಬೆಂಗಳೂರಿನ ಒಂದು ಉದಾಹರಣೆ

ಇನ್ಫೋಸಿಸ್‌ನ 2023-24ರ ವರ್ಷವನ್ನು ನೋಡಿ. 2023ರ ಅಕ್ಟೋಬರ್‌ನಲ್ಲಿ ಅದರ ಮಂಡಳಿ ಷೇರಿಗೆ 18 ರೂಪಾಯಿ ಮಧ್ಯಂತರ ಲಾಭಾಂಶ ಘೋಷಿಸಿತು. ಮಧ್ಯಂತರ ಲಾಭಾಂಶಕ್ಕೆ ಸಾಮಾನ್ಯ ಸಭೆ ಬೇಕಿಲ್ಲ, ಮಂಡಳಿಯೇ ಘೋಷಿಸಬಹುದು. ಹಾಗಾಗಿ ಅದು ಅದೇ ವರ್ಷದ ಲೆಕ್ಕದಲ್ಲಿ ಮಿಗತೆಯಿಂದ ಕಳೆಯಿತು.

ವರ್ಷ ಮುಗಿದ ಮೇಲೆ, 2024ರ ಏಪ್ರಿಲ್ 18ರಂದು, ಮಂಡಳಿ ಷೇರಿಗೆ 20 ರೂಪಾಯಿ ಅಂತಿಮ ಲಾಭಾಂಶ ಹಾಗೂ 8 ರೂಪಾಯಿ ವಿಶೇಷ ಲಾಭಾಂಶವನ್ನು ಶಿಫಾರಸು ಮಾಡಿತು. ಷೇರುದಾರರ ವಾರ್ಷಿಕ ಸಭೆ ನಡೆದದ್ದು ಜೂನ್ 26ರಂದು. ಆದ್ದರಿಂದ ಈ 28 ರೂಪಾಯಿ 2024ರ ಮಾರ್ಚ್ 31ರ ಅಢಾವೆ ಪತ್ರಿಕೆಯ ಹೊಣೆಗಾರಿಕೆಗಳಲ್ಲಿ ಇಲ್ಲ. ಅದು ಮಿಗತೆಯಿಂದ ಕಳೆದದ್ದು 2024-25ರಲ್ಲಿ. ಒಂದೇ ಕಂಪನಿ, ಒಂದೇ ವರ್ಷದ ಲಾಭದ ಮೇಲೆ ಕೊಟ್ಟ ಲಾಭಾಂಶ, ಆದರೂ ಒಂದು ಭಾಗ ಆ ವರ್ಷದ ಲೆಕ್ಕಕ್ಕೆ, ಇನ್ನೊಂದು ಭಾಗ ಮುಂದಿನ ವರ್ಷದ ಲೆಕ್ಕಕ್ಕೆ. ಇದನ್ನು ನಿರ್ಧರಿಸಿದ್ದು ಲಾಭ ಯಾವ ವರ್ಷದ್ದು ಎಂಬ ಸಂಗತಿಯಲ್ಲ, ಅಧಿಕಾರವುಳ್ಳವರು ಘೋಷಿಸಿದ್ದು ಯಾವ ದಿನ ಎಂಬ ಸಂಗತಿ.

ಹಳೆಯ ಪುಸ್ತಕ ಬೇರೆ ಹೇಳುವುದೇಕೆ?

ಹಿಂದೆ ನಮ್ಮ ದೇಶದಲ್ಲಿ ಬೇರೆ ಪದ್ಧತಿ ಇತ್ತು. ಈ ವರ್ಷದ ಲಾಭದಿಂದ ಕೊಡುವ ಲಾಭಾಂಶ ಈ ವರ್ಷಕ್ಕೇ ಸೇರಲಿ ಎಂಬ ವಾದದ ಮೇಲೆ, ಮಂಡಳಿ ಏಪ್ರಿಲ್‌ನಲ್ಲಿ ಶಿಫಾರಸು ಮಾಡಿದ್ದನ್ನೂ ಮಾರ್ಚ್ 31ರ ಲೆಕ್ಕದಲ್ಲೇ ಮಿಗತೆಯಿಂದ ಕಳೆದು, ಅಲ್ಪಾವಧಿ ಏರ್ಪಾಡುಗಳ ಕೆಳಗೆ ತೋರಿಸುತ್ತಿದ್ದರು. ಲೆಕ್ಕಪತ್ರ ಮಾನದಂಡ 4 ಹಾಗೆಯೇ ಹೇಳುತ್ತಿತ್ತು.

2016ರ ಮಾರ್ಚ್ 30ರ ಅಧಿಸೂಚನೆಯಲ್ಲಿ ಕೇಂದ್ರ ಸರ್ಕಾರ ಈ ಮಾನದಂಡವನ್ನು ತಿದ್ದಿತು. ಅಢಾವೆ ದಿನಾಂಕದ ನಂತರ ಘೋಷಿಸಿದ ಲಾಭಾಂಶವನ್ನು, ಬೇರೆ ಕಾನೂನು ಹಾಗೆ ಮಾಡಲು ಹೇಳದ ಹೊರತು, ಆ ದಿನಾಂಕದ ಹೊಣೆಗಾರಿಕೆಯಾಗಿ ತೋರಿಸಬಾರದು, ಟಿಪ್ಪಣಿಯಲ್ಲಿ ತಿಳಿಸಬೇಕು ಎಂದಾಯಿತು. ದೊಡ್ಡ ಕಂಪನಿಗಳು ಪಾಲಿಸುವ ಇಂಡ್ ಎಎಸ್ 10 ಕೂಡ ಇದನ್ನೇ ಹೇಳುತ್ತದೆ. ಹೀಗಾಗಿ 2016-17ರ ಲೆಕ್ಕವರ್ಷದಿಂದ ಎಲ್ಲ ಕಂಪನಿಗಳಿಗೂ ಒಂದೇ ಕ್ರಮ. ಅದಕ್ಕಿಂತ ಮೊದಲಿನ ಪುಸ್ತಕ, ಪ್ರಶ್ನೆಪತ್ರಿಕೆಗಳಲ್ಲಿ ಅಢಾವೆ ಪತ್ರಿಕೆಯ ಒಳಗೇ "ಪ್ರಸ್ತಾವಿತ ಲಾಭಾಂಶ" ಎಂಬ ಸಾಲು ಕಂಡರೆ ಅದು ಹಳೆಯ ಪದ್ಧತಿಯ ಲೆಕ್ಕ ಎಂದು ಗುರುತಿಸಿಕೊಳ್ಳಿ.

ಒಂದು ಲೆಕ್ಕವನ್ನು ಎರಡೂ ರೀತಿಯಲ್ಲಿ ಮಾಡೋಣ

ಒಂದು ಕಂಪನಿಯಲ್ಲಿ ಹತ್ತು ರೂಪಾಯಿ ಮುಖಬೆಲೆಯ 10 ಲಕ್ಷ ಷೇರುಗಳಿವೆ. 2024ರ ಮಾರ್ಚ್ 31ಕ್ಕೆ ಲಾಭ-ನಷ್ಟ ತಃಖ್ತೆಯ ಮಿಗತೆ 90 ಲಕ್ಷ ರೂಪಾಯಿ. 2023-24ಕ್ಕೆ ಮಂಡಳಿ ಷೇರಿಗೆ 2 ರೂಪಾಯಿ, ಅಂದರೆ 20 ಲಕ್ಷ, ಲಾಭಾಂಶ ಸೂಚಿಸಿತು. ಆಗಸ್ಟ್ 2024ರ ಸಭೆ ಅದನ್ನು ಒಪ್ಪಿತು, ಪಾವತಿಯೂ ಆಯಿತು. 2024-25ರಲ್ಲಿ ತೆರಿಗೆಯ ನಂತರದ ಲಾಭ 70 ಲಕ್ಷ. ಈ ವರ್ಷಕ್ಕೆ ಮಂಡಳಿ ಸೂಚಿಸಿದ್ದು ಷೇರಿಗೆ ಎರಡೂವರೆ ರೂಪಾಯಿ, ಅಂದರೆ 25 ಲಕ್ಷ.

ಈಗಿನ ಕ್ರಮದಲ್ಲಿ 2024-25ರ ಒಳಗೆ ನಡೆದದ್ದು ಹಿಂದಿನ 20 ಲಕ್ಷದ ಘೋಷಣೆ ಮಾತ್ರ. ಆಗಸ್ಟ್‌ನಲ್ಲಿ ಸಭೆ ಒಪ್ಪಿದ ದಿನ ಮಿಗತೆಯನ್ನು 20 ಲಕ್ಷಕ್ಕೆ ಡೆಬಿಟ್ ಮಾಡಿ, ಪಾವತಿಸಬೇಕಾದ ಲಾಭಾಂಶ ಖಾತೆಯನ್ನು ಕ್ರೆಡಿಟ್ ಮಾಡುತ್ತೇವೆ. ಹಣ ಕೊಟ್ಟಾಗ ಪಾವತಿಸಬೇಕಾದ ಲಾಭಾಂಶ ಖಾತೆಗೆ ಡೆಬಿಟ್, ಬ್ಯಾಂಕ್ ಖಾತೆಗೆ ಕ್ರೆಡಿಟ್. ಹೊಸ 25 ಲಕ್ಷಕ್ಕೆ ಯಾವ ನಮೂದೂ ಇಲ್ಲ. 2025ರ ಮಾರ್ಚ್ 31ರ ಮಿಗತೆ ಹೀಗೆ:

ಆರಂಭದ ಮಿಗತೆ: 90 ಲಕ್ಷ
ಕೂಡಿಸಿ, ಈ ವರ್ಷದ ಲಾಭ: 70 ಲಕ್ಷ
ಕಳೆಯಿರಿ, 2023-24ರ ಲಾಭಾಂಶ: 20 ಲಕ್ಷ
ಕೊನೆಯ ಮಿಗತೆ: 140 ಲಕ್ಷ

ಟಿಪ್ಪಣಿಯಲ್ಲಿ ಬರೆಯುವುದು ಇಷ್ಟು: "2025ರ ಮಾರ್ಚ್ 31ಕ್ಕೆ ಮುಗಿದ ವರ್ಷಕ್ಕೆ ನಿರ್ದೇಶಕ ಮಂಡಳಿ ಷೇರೊಂದಕ್ಕೆ 2.50 ರೂಪಾಯಿಯಂತೆ ಒಟ್ಟು 25 ಲಕ್ಷ ರೂಪಾಯಿ ಲಾಭಾಂಶವನ್ನು ಸೂಚಿಸಿದೆ. ಇದು ವಾರ್ಷಿಕ ಸಾಮಾನ್ಯ ಸಭೆಯ ಒಪ್ಪಿಗೆಗೆ ಒಳಪಟ್ಟಿದ್ದು, ಹೊಣೆಗಾರಿಕೆಯಾಗಿ ದಾಖಲಿಸಿಲ್ಲ."

ಹಳೆಯ ಕ್ರಮದಲ್ಲಿ ಇದೇ ಕಂಪನಿಯ ಮಿಗತೆ ಹೇಗಿರುತ್ತಿತ್ತು? 2024ರ ಕೊನೆಗೆ 20 ಲಕ್ಷವನ್ನು ಆಗಲೇ ಕಳೆದು 70 ಲಕ್ಷ. ಅದಕ್ಕೆ ಈ ವರ್ಷದ 70 ಲಕ್ಷ ಲಾಭ ಕೂಡಿಸಿ, 25 ಲಕ್ಷ ಕಳೆದರೆ 2025ರ ಕೊನೆಗೆ 115 ಲಕ್ಷ. ಅಢಾವೆ ಪತ್ರಿಕೆಯ ಏರ್ಪಾಡುಗಳಲ್ಲಿ 25 ಲಕ್ಷ.

ಎರಡೂ ಕ್ರಮದಲ್ಲಿ ಕಂಪನಿಯ ಗಲ್ಲಾಪೆಟ್ಟಿಗೆಯಲ್ಲಿರುವ ಹಣ ಒಂದೇ. ಆದರೆ ಅನುಪಾತಗಳು ಬದಲಾಗುತ್ತವೆ. ಚಾಲ್ತಿ ಆಸ್ತಿ 150 ಲಕ್ಷ, ಲಾಭಾಂಶ ಬಿಟ್ಟು ಚಾಲ್ತಿ ಹೊಣೆ 75 ಲಕ್ಷ ಎಂದಿಟ್ಟುಕೊಳ್ಳಿ. ಈಗಿನ ಕ್ರಮದಲ್ಲಿ ಚಾಲ್ತಿ ಅನುಪಾತ 2:1. ಹಳೆಯ ಕ್ರಮದಲ್ಲಿ ಹೊಣೆ 100 ಲಕ್ಷವಾಗಿ ಅನುಪಾತ 1.5:1 ಆಗುತ್ತಿತ್ತು. ಆದ್ದರಿಂದ ಇಂದಿನ ಅಢಾವೆ ಪತ್ರಿಕೆಯಲ್ಲಿ 2:1 ಕಂಡು ಸಮಾಧಾನಪಡುವ ಮೊದಲು ಟಿಪ್ಪಣಿಯನ್ನು ಓದಬೇಕು. ಕೆಲವೇ ತಿಂಗಳಲ್ಲಿ 25 ಲಕ್ಷ ಹೊರಹೋಗಲಿರುವುದು ಅಲ್ಲಿ ಮಾತ್ರ ಕಾಣುತ್ತದೆ.

ನಗದು ಹರಿವಿನ ತಃಖ್ತೆಯಲ್ಲಿ

ಈಗ ಮೊದಲ ಪ್ರಶ್ನೆಗೆ ಬರೋಣ. ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಈ ವರ್ಷದ ಲಾಭವನ್ನು ನೇರವಾಗಿ ಕೊಡುವುದಿಲ್ಲ. ಎರಡು ಅಢಾವೆ ಪತ್ರಿಕೆಗಳ ಮಿಗತೆಯ ವ್ಯತ್ಯಾಸದಿಂದ ನಾವೇ ಹಿಂದಕ್ಕೆ ಲೆಕ್ಕ ಹಾಕಿ ಲಾಭವನ್ನು ಕಂಡುಹಿಡಿಯಬೇಕು. ಮಿಗತೆಯಿಂದ ಏನೇನು ಕಳೆದುಹೋಗಿದೆಯೋ ಅದನ್ನೆಲ್ಲ ಮರಳಿ ಕೂಡಿಸಿದರೆ ಲಾಭ ಸಿಗುತ್ತದೆ. ಇಡೀ ವಿಷಯದ ಬೀಗದ ಕೈ ಈ ಒಂದು ಮಾತು: ಈ ವರ್ಷ ಮಿಗತೆಯಿಂದ ಯಾವ ಲಾಭಾಂಶ ಕಳೆದಿದೆಯೋ ಅದನ್ನೇ ಕೂಡಿಸಬೇಕು.

ಈಗಿನ ಕ್ರಮದಲ್ಲಿ ಮಿಗತೆ 90ರಿಂದ 140ಕ್ಕೆ ಏರಿದೆ, ವ್ಯತ್ಯಾಸ 50 ಲಕ್ಷ. ಕಳೆದಿರುವುದು ಹಿಂದಿನ ವರ್ಷದ 20 ಲಕ್ಷ. ಕೂಡಿಸಿದರೆ 70 ಲಕ್ಷ. ಹಳೆಯ ಕ್ರಮದಲ್ಲಿ ಮಿಗತೆ 70ರಿಂದ 115ಕ್ಕೆ ಏರಿದೆ, ವ್ಯತ್ಯಾಸ 45 ಲಕ್ಷ. ಅಲ್ಲಿ ಕಳೆದಿದ್ದು ಈ ವರ್ಷದ 25 ಲಕ್ಷ. ಕೂಡಿಸಿದರೆ ಅದೂ 70 ಲಕ್ಷ. ಹಳೆಯ ಗೈಡ್ ಈ ವರ್ಷದ್ದನ್ನು ಕೂಡಿಸಿದ್ದೂ, ನಾವು ಹಿಂದಿನ ವರ್ಷದ್ದನ್ನು ಕೂಡಿಸುವುದೂ ಒಂದೇ ತರ್ಕದಿಂದ. ನಿಜವಾದ ಲಾಭ ಎರಡರಲ್ಲೂ ಬದಲಾಗಿಲ್ಲ.

ತೆರಿಗೆಗೆ ಏರ್ಪಾಡು 24 ಲಕ್ಷ ಮಾಡಿದ್ದರೆ ಅದನ್ನೂ ಕೂಡಿಸಿ, ತೆರಿಗೆಗೆ ಮುಂಚಿನ ಲಾಭ 94 ಲಕ್ಷದಿಂದ ಕಾರ್ಯಾಚರಣೆಯ ಚಟುವಟಿಕೆಗಳ ಲೆಕ್ಕ ಶುರುವಾಗುತ್ತದೆ. ನಿಜವಾಗಿ ಹಣ ಹೋದದ್ದು ಹಣಕಾಸು ಚಟುವಟಿಕೆಗಳ ಕೆಳಗೆ ಬರುತ್ತದೆ. ಅಲ್ಲಿ ಲಾಭಾಂಶ ಪಾವತಿ 20 ಲಕ್ಷ, ಹೊರಹರಿವು. ಈ ಭಾಗ ಹಳೆಯ, ಹೊಸ ಎರಡು ಕ್ರಮದಲ್ಲೂ ಒಂದೇ. ಆಗಸ್ಟ್‌ನಲ್ಲಿ ಕೊಟ್ಟ ಹಣ 20 ಲಕ್ಷವೇ ತಾನೆ. ಈ ವರ್ಷದ 25 ಲಕ್ಷಕ್ಕೆ ಇಡೀ ತಃಖ್ತೆಯಲ್ಲಿ ಎಲ್ಲೂ ಜಾಗವಿಲ್ಲ.

ಕೆಲವು ಷೇರುದಾರರು ಹಣ ಪಡೆಯದೆ 50 ಸಾವಿರ ರೂಪಾಯಿ "ಪಾವತಿಯಾಗದ ಲಾಭಾಂಶ" ಎಂದು ಇತರ ಚಾಲ್ತಿ ಹೊಣೆಗಳಲ್ಲಿ ಉಳಿದಿದ್ದರೆ? ಮಿಗತೆಯಿಂದ ಕಳೆದದ್ದು ಪೂರ್ತಿ 20 ಲಕ್ಷ, ಹಾಗಾಗಿ ಕೂಡಿಸುವುದು 20 ಲಕ್ಷವೇ. ಕೈಬಿಟ್ಟು ಹೋದದ್ದು ಮಾತ್ರ 19.5 ಲಕ್ಷ, ಹೊರಹರಿವು ಅಷ್ಟೇ. ಇನ್ನು ಸಭೆ 20 ಲಕ್ಷದ ಬದಲು 15 ಲಕ್ಷಕ್ಕೆ ಮಾತ್ರ ಒಪ್ಪಿದ್ದರೆ, ಕಳೆದದ್ದೂ ಕೊಟ್ಟದ್ದೂ 15 ಲಕ್ಷವೇ. ಆಗ ಮಿಗತೆ 145 ಆಗುತ್ತದೆ, ವ್ಯತ್ಯಾಸ 55, ಅದಕ್ಕೆ 15 ಕೂಡಿಸಿದರೆ ಮತ್ತೆ 70.

ತಾಳೆಯಾಯಿತೆಂದು ನಂಬಬೇಡಿ

ಉತ್ತರಪತ್ರಿಕೆಗಳನ್ನು ತಿದ್ದುವಾಗ ನಾನು ಗಮನಿಸಿದ ಒಂದು ಸಂಗತಿಯಿದೆ. ಈ ಲೆಕ್ಕದಲ್ಲಿ ತಪ್ಪಾದರೂ ನಗದು ಹರಿವಿನ ತಃಖ್ತೆ ಕೊನೆಯಲ್ಲಿ ತಾಳೆಯಾಗಿಬಿಡುತ್ತದೆ. ಯಾಕೆಂದರೆ ಒಂದೇ ಮೊತ್ತವನ್ನು ಮೇಲೆ ಕೂಡಿಸಿ ಕೆಳಗೆ ಕಳೆಯುತ್ತೇವೆ. 20ರ ಬದಲು 25 ತೆಗೆದುಕೊಂಡು ಎರಡೂ ಕಡೆ ಬರೆದರೆ ನಿವ್ವಳ ಪರಿಣಾಮ ಸೊನ್ನೆ. ಎರಡೂ ಕಡೆ ಬರೆಯುವುದನ್ನೇ ಮರೆತರೂ ಸೊನ್ನೆ. ಕೊನೆಯ ನಗದು ಶಿಲ್ಕು ಸರಿಬಂತೆಂದು ವಿದ್ಯಾರ್ಥಿ ನೆಮ್ಮದಿಯಿಂದ ಮುಂದಿನ ಪ್ರಶ್ನೆಗೆ ಹೋಗುತ್ತಾನೆ. ಆದರೆ ಕಾರ್ಯಾಚರಣೆಯ ನಗದೂ ತಪ್ಪು, ಹಣಕಾಸು ಚಟುವಟಿಕೆಯ ನಗದೂ ತಪ್ಪು.

ಇದನ್ನು ಹಿಡಿಯಲು ತಾಳೆ ನೋಡಿ ಪ್ರಯೋಜನವಿಲ್ಲ, ಲಾಭವನ್ನು ನೋಡಬೇಕು. ಪ್ರಶ್ನೆಯಲ್ಲಿ ಲಾಭ-ನಷ್ಟ ತಃಖ್ತೆಯೂ ಇದ್ದರೆ, ನೀವು ಹಿಂದಕ್ಕೆ ಲೆಕ್ಕ ಹಾಕಿ ಪಡೆದ ಲಾಭ ಅಲ್ಲಿರುವ ಲಾಭಕ್ಕೆ ಸರಿಹೊಂದಬೇಕು. ನಮ್ಮ ಉದಾಹರಣೆಯಲ್ಲಿ 25 ಕೂಡಿಸಿದವರಿಗೆ 75 ಲಕ್ಷ ಬರುತ್ತದೆ, ಏನೂ ಕೂಡಿಸದವರಿಗೆ 50 ಬರುತ್ತದೆ. ನಿಜವಾದ 70 ಬರುವುದು 20 ಕೂಡಿಸಿದಾಗ ಮಾತ್ರ. ಲಾಭ ಕೊಟ್ಟಿಲ್ಲದಿದ್ದರೆ ಮಿಗತೆಯ ಖಾತೆಯನ್ನು ಒಂದು ಬದಿಯಲ್ಲಿ ಬರೆದುಕೊಳ್ಳಿ. ಆರಂಭದ ಶಿಲ್ಕು, ಕೊನೆಯ ಶಿಲ್ಕು ಹಾಕಿ, ಈ ವರ್ಷ ಘೋಷಣೆಯಾದ ಲಾಭಾಂಶವನ್ನು ಡೆಬಿಟ್ ಬದಿಗೆ ಹಾಕಿ. ಉಳಿದ ವ್ಯತ್ಯಾಸವೇ ಲಾಭ.

ಇನ್ನೊಂದು ಮಾತು. ಪ್ರಸ್ತಾವಿತ ಲಾಭಾಂಶವನ್ನು ಸಂಭವನೀಯ ಹೊಣೆಗಾರಿಕೆ ಎಂದು ಕರೆಯುವ ರೂಢಿ ತರಗತಿಗಳಲ್ಲಿದೆ. ಎರಡೂ ಟಿಪ್ಪಣಿಯಲ್ಲೇ ಬರುವುದರಿಂದ ಹಾಗೆ ಅನ್ನಿಸುತ್ತದೆ. ಆದರೆ ಸಂಭವನೀಯ ಹೊಣೆ ಎಂದರೆ ನ್ಯಾಯಾಲಯದಲ್ಲಿರುವ ದಾವೆಯಂತೆ, ಹಿಂದೆ ನಡೆದ ಘಟನೆಯೊಂದರಿಂದ ಹುಟ್ಟಿರಬಹುದಾದ ಹೊಣೆ. ಅದು ನಿಲ್ಲುತ್ತದೋ ಇಲ್ಲವೋ ಎಂಬುದು ಕಂಪನಿಯ ಕೈಯಲ್ಲಿಲ್ಲ. ಲಾಭಾಂಶವನ್ನು ಕೊಡುವುದೂ ಬಿಡುವುದೂ ಸಭೆಯವರೆಗೆ ಕಂಪನಿಯ ಕೈಯಲ್ಲೇ ಇದೆ. ಅದಕ್ಕೇ ಅನುಸೂಚಿ ಅದನ್ನು ಪ್ರತ್ಯೇಕವಾಗಿ ತಿಳಿಸಲು ಹೇಳುತ್ತದೆ.

ಕೊನೆಗೆ ನಿಮಗೊಂದು ಲೆಕ್ಕ. ಮಿಗತೆ 2024ರ ಕೊನೆಗೆ 60 ಲಕ್ಷ, 2025ರ ಕೊನೆಗೆ 85 ಲಕ್ಷ. ಟಿಪ್ಪಣಿಯ ಪ್ರಕಾರ ಪ್ರಸ್ತಾವಿತ ಲಾಭಾಂಶ 2023-24ಕ್ಕೆ 12 ಲಕ್ಷ, 2024-25ಕ್ಕೆ 15 ಲಕ್ಷ. 12 ಲಕ್ಷಕ್ಕೆ ಸಭೆ ಒಪ್ಪಿ, ಪೂರ್ತಿ ಪಾವತಿಯಾಗಿದೆ. 2024-25ರ ನಡುವೆ 5 ಲಕ್ಷ ಮಧ್ಯಂತರ ಲಾಭಾಂಶವನ್ನೂ ಕೊಟ್ಟಿದ್ದಾರೆ. ತೆರಿಗೆಯ ನಂತರದ ಲಾಭ ಎಷ್ಟು, ಲಾಭಾಂಶದ ಹೊರಹರಿವು ಎಷ್ಟು? ಮಾಡಿ ನೋಡಿ, ಆಮೇಲೆ ಮುಂದಿನ ಸಾಲು ಓದಿ. ಈ ವರ್ಷ ಮಿಗತೆಯಿಂದ ಕಳೆದದ್ದು 12 ಮತ್ತು 5, ಒಟ್ಟು 17 ಲಕ್ಷ. ಮಿಗತೆಯ ವ್ಯತ್ಯಾಸ 25ಕ್ಕೆ ಅದನ್ನು ಕೂಡಿಸಿದರೆ ಲಾಭ 42 ಲಕ್ಷ, ಹೊರಹರಿವು 17 ಲಕ್ಷ. ಆ 15 ಲಕ್ಷ ಮುಂದಿನ ವರ್ಷದ ಲೆಕ್ಕದಲ್ಲಿ ಬರುತ್ತದೆ.